ಇನ್ಹೇಲರ್ ಕೊಟ್ಟರೂ ಮಗುವಿನ ಕೆಮ್ಮು ನಿಲ್ಲುತ್ತಿಲ್ಲ: ಔಷಧಿ ಎಲ್ಲಿ ತಪ್ಪಿಹೋಗುತ್ತಿದೆ ಎಂದು ಹುಡುಕುವುದು ಹೇಗೆ?

"ಎರಡು ಇನ್ಹೇಲರ್ ಕೊಡ್ತಾ ಇದ್ದೀವಿ, ಆದ್ರೂ ರಾತ್ರಿ ಕೆಮ್ಮು ಹೋಗ್ತಿಲ್ಲ. ಔಷಧಿ ಪವರ್ ಸಾಕಾಗ್ತಿಲ್ಲ ಅನ್ಸುತ್ತೆ." ಮಕ್ಕಳ ಆಸ್ತಮಾ ನೋಡುವವರು ಮತ್ತೆ ಮತ್ತೆ ಕೇಳುವ ಮಾತು ಇದು. ಕೆಲವು ಸಲ ನಿಜವಾಗಿಯೂ ಡೋಸ್ ಕಡಿಮೆ ಇರುತ್ತದೆ. ಆದರೆ ಡೋಸ್ ಏರಿಸುವ ಮೊದಲು, ಈಗಿರುವ ಡೋಸ್ ಮಗುವಿನ ಶ್ವಾಸಕೋಶಕ್ಕೆ ತಲುಪುತ್ತಿದೆಯಾ ಎಂದು ನೋಡಬೇಕು. ಡಬ್ಬಿಯಿಂದ ಹೊರಟ ಔಷಧಿ, ಇನ್ಹೇಲರ್‌ಗೆ ಸಿಕ್ಕಿಸುವ ಟೊಳ್ಳು ಕೊಳವೆಯಾದ ಸ್ಪೇಸರ್ ದಾಟಿ, ವಾಲ್ವ್ ದಾಟಿ, ಮಾಸ್ಕ್ ದಾಟಿ, ಗಂಟಲಲ್ಲಿ ನಿಲ್ಲದೆ ಎದೆಯೊಳಗೆ ಹೋಗಬೇಕು. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಅದು ತಪ್ಪಿಹೋಗಬಹುದು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿ ನಡೆದ ಹಾಗೇ ಕಾಣುತ್ತದೆ. ತೊಂದರೆ ಇರುವುದೇ ಅಲ್ಲಿ.

ಇಲ್ಲಿ ಬರೆದಿರುವುದು ಡಬ್ಬಿ ಒತ್ತಿದರೆ ಸ್ಪ್ರೇ ಬರುವ ಇನ್ಹೇಲರ್ ಬಗ್ಗೆ. ಒಣ ಪುಡಿ ಎಳೆದುಕೊಳ್ಳುವ ಇನ್ಹೇಲರ್‌ಗಳಿಗೆ ಸ್ಪೇಸರ್ ಹಾಕುವುದಿಲ್ಲ, ಅವುಗಳ ವಿಧಾನವೇ ಬೇರೆ.

ಮಗುವಿಗೆ ಈಗಲೇ ಕಷ್ಟ ಆಗುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ

ಉಸಿರು ಎಳೆಯುವಾಗ ಪಕ್ಕೆಲುಬುಗಳ ನಡುವೆ ಅಥವಾ ಗಂಟಲ ಕೆಳಗೆ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ? ಒಂದೆರಡು ಪದಕ್ಕಿಂತ ಜಾಸ್ತಿ ಮಾತಾಡಲು ಆಗುತ್ತಿಲ್ಲವೇ? ತುಟಿ ನೀಲಿ ಆಗಿದೆಯೇ? ಮಗು ಸುಸ್ತಾಗಿ ತೂಕಡಿಸುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೊರಡಿ. ಗೊರಗೊರ ಶಬ್ದ ಇದ್ದಕ್ಕಿದ್ದಂತೆ ನಿಂತು, ಉಸಿರಾಟದ ಕಷ್ಟ ಮಾತ್ರ ಹಾಗೇ ಉಳಿದರೆ ಅದು ಒಳ್ಳೆಯ ಲಕ್ಷಣ ಅಲ್ಲ. ಗಾಳಿ ಓಡಾಡುವುದೇ ಕಡಿಮೆಯಾಗಿದೆ ಎಂದು ಅರ್ಥ.

ಹೋಗುವ ದಾರಿಯಲ್ಲಿ ರಿಲೀವರ್, ಅಂದರೆ ಕಷ್ಟ ಬಂದಾಗ ಕೊಡುವ ಇನ್ಹೇಲರ್, ಕೊಡುತ್ತಾ ಹೋಗಿ. ಡಾಕ್ಟರ್ ಬರೆದುಕೊಟ್ಟ ಪ್ಲಾನ್ ಇದ್ದರೆ ಅದರಂತೆ ಮಾಡಿ. ಇಲ್ಲದಿದ್ದರೆ 5 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ 100 ಮೈಕ್ರೋಗ್ರಾಂನ ಸಾಲ್ಬ್ಯುಟಮಾಲ್ 2ರಿಂದ 6 ಪಫ್ ಕೊಡುತ್ತಾರೆ. ಒಂದೊಂದೇ ಪಫ್, ಸ್ಪೇಸರ್ ಮೂಲಕ. ಮೊದಲ ಒಂದು ಗಂಟೆಯಲ್ಲಿ 20 ನಿಮಿಷಕ್ಕೊಮ್ಮೆ ಮತ್ತೆ ಕೊಡಬಹುದು. ಸ್ಪೇಸರ್ ತೊಳೆದಿಲ್ಲ, ಹೊಸದು, ಧೂಳಾಗಿದೆ ಎಂದೆಲ್ಲ ಆ ಹೊತ್ತಿನಲ್ಲಿ ಯೋಚಿಸಬೇಡಿ. ಒಮ್ಮೆ ಒಳಗೆ ನೋಡಿ, ಏನೂ ಸಿಕ್ಕಿಕೊಂಡಿಲ್ಲದಿದ್ದರೆ ಹಾಗೇ ಬಳಸಿ.

ಉಳಿದದ್ದೆಲ್ಲ ಮಗು ನೆಮ್ಮದಿಯಾಗಿರುವ ದಿನ ಮಾಡುವ ಪರೀಕ್ಷೆ.

ಯಾವ ಇನ್ಹೇಲರ್ ಏನು ಮಾಡುತ್ತದೆ?

ಆಸ್ತಮಾದಲ್ಲಿ ಶ್ವಾಸನಾಳಗಳಿಗೆ ಎರಡು ತೊಂದರೆ ಆಗುತ್ತವೆ. ನಾಳದ ಸುತ್ತ ಇರುವ ಸ್ನಾಯು ಬಿಗಿಯುತ್ತದೆ. ನಾಳದ ಒಳಗೋಡೆ ಊದಿಕೊಂಡು ಕಫ ತುಂಬುತ್ತದೆ. ಬಿಗಿದ ಸ್ನಾಯುವನ್ನು ಸಡಿಲಿಸುವುದು ರಿಲೀವರ್. ಸಾಲ್ಬ್ಯುಟಮಾಲ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಔಷಧಿ. ಊತವನ್ನು ಇಳಿಸುವುದು ಪ್ರಿವೆಂಟರ್. ಇದು ಸ್ಟೀರಾಯ್ಡ್: ಬ್ಯುಡೆಸೊನೈಡ್, ಫ್ಲೂಟಿಕಾಸೋನ್, ಬೆಕ್ಲೊಮೆಥಾಸೋನ್ ಇಂಥವು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

"ಕೆಲಸ ಮಾಡ್ತಿಲ್ಲ" ಎಂದಾಗ ಮೊದಲು ಕೇಳಬೇಕಾದ್ದು: ಯಾವುದು, ಎಷ್ಟು ಹೊತ್ತಿನಲ್ಲಿ? ಸಾಲ್ಬ್ಯುಟಮಾಲ್ ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ. ಕಾಲು ಗಂಟೆ, ಅರ್ಧ ಗಂಟೆಯೊಳಗೆ ಮಗು ಹಗುರವಾಗಿ ಉಸಿರಾಡುವುದು ಕಣ್ಣಿಗೆ ಕಾಣಬೇಕು. ಅದರ ಪರಿಣಾಮ 4ರಿಂದ 6 ಗಂಟೆ ಇರುತ್ತದೆ. ಆಮೇಲೆ ಊತ ಎಷ್ಟಿತ್ತೋ ಅಷ್ಟೇ ಇರುತ್ತದೆ, ಏಕೆಂದರೆ ಅದನ್ನು ಯಾರೂ ಮುಟ್ಟಿಲ್ಲ.

ಪ್ರಿವೆಂಟರ್ ಕೊಟ್ಟ ದಿನ ಏನೂ ಕಾಣುವುದಿಲ್ಲ. ಮರುದಿನವೂ ಇಲ್ಲ. ಒಂದೆರಡು ವಾರ ಬಿಡದೆ ಕೊಟ್ಟ ಮೇಲೆ ರಾತ್ರಿ ಕೆಮ್ಮು ಕಡಿಮೆ ಆಗುತ್ತದೆ, ಓಡಿದಾಗ ದಮ್ಮು ಬರುವುದು ಕಡಿಮೆ ಆಗುತ್ತದೆ. ಪೂರ್ತಿ ಗುಣ ಕಾಣಲು ತಿಂಗಳುಗಳೇ ಬೇಕಾಗಬಹುದು. ಕೊಟ್ಟ ತಕ್ಷಣ ಫಲ ಕಾಣದ ಔಷಧಿಯನ್ನು ಬಿಟ್ಟುಬಿಡುವುದು ಸಹಜ. ಫಲ ಕಾಣುವ ಔಷಧಿಯ ಮೇಲೆ ನಂಬಿಕೆ ಬೆಳೆಯುವುದೂ ಸಹಜ. ಹೀಗಾಗಿ ಎಷ್ಟೋ ಮನೆಗಳಲ್ಲಿ ರಿಲೀವರ್ ದಿನಾ ನಡೆಯುತ್ತದೆ, ಪ್ರಿವೆಂಟರ್ ಮೂಲೆ ಸೇರುತ್ತದೆ.

ಬಣ್ಣ ನೋಡಿ ಗುರುತಿಸಬೇಡಿ. ರಿಲೀವರ್ ಅಂದರೆ ನೀಲಿ ಎಂಬ ರೂಢಿ ಹಲವು ಕಡೆ ಇದೆ, ಆದರೆ ಎಲ್ಲ ಕಂಪನಿಗಳೂ ಅದನ್ನು ಪಾಲಿಸುವುದಿಲ್ಲ. ಡಬ್ಬಿಯ ಮೇಲಿನ ಔಷಧಿಯ ಹೆಸರು ಓದಿ. ಒಂದೇ ಡಬ್ಬಿಯಲ್ಲಿ ಎರಡು ಔಷಧಿ ಸೇರಿರುವ ಇನ್ಹೇಲರ್‌ಗಳೂ ಇವೆ. ಅವುಗಳಲ್ಲಿ ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿರುವುದನ್ನು ಕೆಲವು ದೊಡ್ಡ ಮಕ್ಕಳಿಗೆ ದಿನದ ಔಷಧಿಯಾಗಿಯೂ ಕಷ್ಟ ಬಂದಾಗಲೂ ಕೊಡಲು ಡಾಕ್ಟರ್ ಹೇಳುವುದುಂಟು. ಸಾಲ್ಮೆಟೆರಾಲ್ ಸೇರಿರುವುದನ್ನು ಮಾತ್ರ ಕಷ್ಟ ಬಂದಾಗ ಕೊಡುವ ಹಾಗಿಲ್ಲ, ಅದು ನಿಧಾನ. ಎರಡೂ ನೋಡಲು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ, ಹಾಗಾಗಿ ಇದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಮೊದಲು ಕೌಂಟರ್ ಲೆಕ್ಕ

ಬಹಳಷ್ಟು ಇನ್ಹೇಲರ್‌ಗಳ ಮೇಲೆ ಈಗ ಸಣ್ಣ ಅಂಕಿ ಕಾಣುವ ಕಿಟಕಿ ಇರುತ್ತದೆ. ಎಷ್ಟು ಪಫ್ ಉಳಿದಿದೆ ಎಂದು ಅದು ತೋರಿಸುತ್ತದೆ. ಮನೆಯವರ ನೆನಪಿಗಿಂತ ಈ ಅಂಕಿಯನ್ನು ನಂಬುವುದು ಲೇಸು. "ದಿನಾ ಕೊಡ್ತೀವಿ" ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬೊಬ್ಬರೂ ಇನ್ನೊಬ್ಬರು ಕೊಟ್ಟಿರಬೇಕು ಅಂದುಕೊಂಡಿರುತ್ತಾರೆ, ಅಷ್ಟೇ.

ಒಂದು ಉದಾಹರಣೆ ತಗೊಳ್ಳೋಣ. ನಾಲ್ಕೂವರೆ ವರ್ಷದ ಹುಡುಗಿ. ಫ್ಲೂಟಿಕಾಸೋನ್ 50 ಮೈಕ್ರೋಗ್ರಾಂ, ಬೆಳಗ್ಗೆ ಒಂದು ಪಫ್, ಸಂಜೆ ಒಂದು ಪಫ್. ಬೇಕಾದಾಗ ಸಾಲ್ಬ್ಯುಟಮಾಲ್ 2 ಪಫ್. ಮಾಸ್ಕ್ ಇರುವ ಸ್ಪೇಸರ್. ಎರಡೂ ಡಬ್ಬಿ ಒಂದೇ ದಿನ ತೆರೆದಿದ್ದಾರೆ, 35 ದಿನ ಆಗಿದೆ. ರಾತ್ರಿ ಕೆಮ್ಮು ನಿಂತಿಲ್ಲ, ಡೋಸ್ ಏರಿಸಿ ಎಂಬುದು ಮನೆಯವರ ಬೇಡಿಕೆ.

ಪ್ರಿವೆಂಟರ್ ಡಬ್ಬಿಯಲ್ಲಿ ಶುರುವಿನಲ್ಲಿ 120 ಪಫ್ ಇತ್ತು. ದಿನಕ್ಕೆ 2ರಂತೆ 35 ದಿನಕ್ಕೆ 70 ಖರ್ಚಾಗಬೇಕು. ಕೌಂಟರ್ 50 ತೋರಿಸಬೇಕು. ಅದು ತೋರಿಸಿದ್ದು 86. ಅಂದರೆ ಬಳಸಿದ್ದು 34 ಮಾತ್ರ, ಅರ್ಧಕ್ಕಿಂತ ಕಡಿಮೆ. ಯಾವಾಗ ತಪ್ಪುತ್ತಿದೆ ಎಂದು ಕೇಳಿದರೆ ಗೊತ್ತಾಯಿತು: ಸಂಜೆ ಅಮ್ಮ ಕೊಡುತ್ತಾರೆ, ಬೆಳಗ್ಗೆ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಯಾರೂ ಕೊಡುತ್ತಿಲ್ಲ. 34 ಸಂಜೆ ಕೊಟ್ಟಿದ್ದಾರೆ, ಒಂದು ಸಂಜೆ ಮರೆತಿದ್ದಾರೆ.

ರಿಲೀವರ್ ಡಬ್ಬಿ 200ರಿಂದ 96ಕ್ಕೆ ಇಳಿದಿತ್ತು. 104 ಪಫ್, ಅಂದರೆ 52 ಸಲ. ಈ ಅಂಕಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಇಲ್ಲಿ ಅವಸರ ಪಡಬಾರದು. ಪ್ರತಿ ಸಲ ಯಾಕೆ ಕೊಟ್ಟಿರಿ ಎಂದು ಕೇಳಬೇಕು. ಪ್ರಿವೆಂಟರ್ ಕೊಡುವ ಮೊದಲು ರಿಲೀವರ್ ಕೊಟ್ಟು ದಾರಿ ತೆರೆಯಬೇಕು ಎಂದು ಯಾರೋ ಅಮ್ಮನಿಗೆ ಹೇಳಿದ್ದರು. ಅವರು ಪ್ರತಿ ಸಂಜೆ ಹಾಗೇ ಮಾಡುತ್ತಿದ್ದರು. ಮಗು ಚೆನ್ನಾಗಿರುವಾಗ ಇದರ ಅಗತ್ಯವೇ ಇಲ್ಲ. ಆ 34 ಸಲ ಕಳೆದರೆ 18 ಸಲ ಉಳಿಯುತ್ತದೆ. ನಿಜವಾಗಿ ಕೆಮ್ಮು, ದಮ್ಮು ಬಂದು ಕೊಟ್ಟಿದ್ದು ಅಷ್ಟು. ಐದು ವಾರಕ್ಕೆ 18 ಸಲ ಅಂದರೆ ವಾರಕ್ಕೆ ಮೂರು ನಾಲ್ಕು ಸಲ.

ಅದೂ ಜಾಸ್ತಿಯೇ. 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ರಿಲೀವರ್ ಬೇಕಾದರೆ, ದೊಡ್ಡ ಮಕ್ಕಳಿಗೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ, ಆಸ್ತಮಾ ಹತೋಟಿಯಲ್ಲಿ ಇಲ್ಲ ಎಂದು ಜಿನಾ ಎಂಬ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ ಎಣಿಸುತ್ತದೆ. ಆಟಕ್ಕೆ ಮೊದಲು ಮುಂಜಾಗ್ರತೆಗೆ ಕೊಟ್ಟಿದ್ದು ಇದರಲ್ಲಿ ಸೇರುವುದಿಲ್ಲ. ಹತೋಟಿ ಇಲ್ಲ ಎಂಬುದು ನಿಜ, ಆದರೆ ಕಾರಣ ಡೋಸ್ ಸಾಲದು ಎಂದು ಈಗಲೇ ಹೇಳಲು ಆಗುವುದಿಲ್ಲ. ಅರ್ಧ ಡೋಸ್ ಕೊಟ್ಟೇ ಇಲ್ಲವಲ್ಲ!

ಕೌಂಟರ್ ಇಲ್ಲದ ಇನ್ಹೇಲರ್ ಇದ್ದರೆ ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಪ್ಲಾಸ್ಟಿಕ್ ಮೇಲೆ ಬರೆಯಿರಿ. ಒಟ್ಟು ಪಫ್ ಸಂಖ್ಯೆಯನ್ನು ದಿನದ ಪಫ್‌ನಿಂದ ಭಾಗಿಸಿದರೆ ಮುಗಿಯುವ ದಿನ ಸಿಗುತ್ತದೆ. ಕುಲುಕಿ ಶಬ್ದ ಕೇಳಿ ಔಷಧಿ ಇದೆ ಎಂದು ನಂಬಬೇಡಿ. ಔಷಧಿ ಮುಗಿದ ಮೇಲೂ ಡಬ್ಬಿಯಲ್ಲಿ ಗ್ಯಾಸ್ ಉಳಿದಿರುತ್ತದೆ. ಒತ್ತಿದರೆ ಸ್ಪ್ರೇ ಬರುತ್ತಲೇ ಇರುತ್ತದೆ, ಅದರಲ್ಲಿ ಔಷಧಿ ಸರಿಯಾಗಿ ಇರುವುದಿಲ್ಲ. ನೀರಲ್ಲಿ ತೇಲಿಸಿ ನೋಡುವ ಹಳೇ ಉಪಾಯವನ್ನೂ ಬಿಟ್ಟುಬಿಡಿ. ಅದರಿಂದ ಸರಿಯಾಗಿ ಗೊತ್ತಾಗುವುದಿಲ್ಲ, ಮೇಲಾಗಿ ಒತ್ತುವ ಬಾಯಿಗೆ ನೀರು ಸೇರುತ್ತದೆ.

ಆಮೇಲೆ, ಕೊಡುವುದನ್ನು ಕಣ್ಣಾರೆ ನೋಡಿ

ಕೌಂಟರ್ ಹೇಳುವುದು ಎಷ್ಟು ಸಲ ಒತ್ತಿದಿರಿ ಎಂದು ಮಾತ್ರ. ಒತ್ತಿದ್ದು ಎಲ್ಲಿಗೆ ಹೋಯಿತು ಎಂದು ಅದಕ್ಕೆ ಗೊತ್ತಿಲ್ಲ. ಅದಕ್ಕೆ ನೋಡಲೇಬೇಕು. ದಿನಾ ಕೊಡುವವರು ಕೊಡಲಿ, ಮನೆಯ ಇನ್ನೊಬ್ಬರು ಪಕ್ಕದಿಂದ ಫೋನಿನಲ್ಲಿ ವಿಡಿಯೋ ಮಾಡಲಿ. "ಹೇಗೆ ಕೊಡ್ತೀರಿ, ಹೇಳಿ" ಎಂದು ಕೇಳಿದರೆ ಎಲ್ಲರೂ ಸರಿಯಾಗೇ ಹೇಳುತ್ತಾರೆ. ಕೈ ಮಾಡುವುದು ಬೇರೆ.

ನಮ್ಮ ಉದಾಹರಣೆಯ ಹುಡುಗಿಯ ವಿಡಿಯೋದಲ್ಲಿ ಕಂಡಿದ್ದು ಇದು. ಅಮ್ಮ ಇನ್ಹೇಲರ್ ಒಮ್ಮೆ ಕುಲುಕುತ್ತಾರೆ. ಸ್ಪೇಸರ್‌ಗೆ ಸಿಕ್ಕಿಸಿ ಸಾಲ್ಬ್ಯುಟಮಾಲ್ ಎರಡು ಪಫ್ ಒಟ್ಟಿಗೆ ಒತ್ತುತ್ತಾರೆ. ಆಮೇಲೆ ಮಗುವನ್ನು ಕರೆಯುತ್ತಾರೆ. ಮಗು ಬಂದು ಕೂರುವಷ್ಟರಲ್ಲಿ ಹತ್ತು ಹದಿನೈದು ಸೆಕೆಂಡ್ ಆಗಿರುತ್ತದೆ. ಮಾಸ್ಕ್ ಇಡುತ್ತಾರೆ, ಮಗು ತಲೆ ತಿರುಗಿಸುತ್ತದೆ. ಅಮ್ಮ ಹತ್ತರವರೆಗೆ ಎಣಿಸಿ ತೆಗೆಯುತ್ತಾರೆ. ಇಷ್ಟರಲ್ಲಿ ನಾಲ್ಕು ತೊಂದರೆ ಇವೆ. ಎಲ್ಲವೂ ಒಂದೇ ತೂಕದವಲ್ಲ.

ಎಲ್ಲಕ್ಕಿಂತ ದೊಡ್ಡದು ಮಾಸ್ಕ್. ಮಾಸ್ಕ್ ಮತ್ತು ಮುಖದ ನಡುವೆ ಸಣ್ಣ ಸಂದಿ ಇದ್ದರೂ ಮಗು ಉಸಿರು ಎಳೆದಾಗ ಗಾಳಿ ಆ ಸಂದಿಯಿಂದಲೇ ಬರುತ್ತದೆ. ಅದಕ್ಕೆ ಅದೇ ಸುಲಭದ ದಾರಿ. ಸ್ಪೇಸರ್ ಒಳಗಿನ ಔಷಧಿ ಅಲ್ಲೇ ಕೂತಿರುತ್ತದೆ. ಇದನ್ನು ಕಂಡುಹಿಡಿಯಲು ವಾಲ್ವ್ ನೋಡಿ. ಸ್ಪೇಸರ್‌ನ ಮಾಸ್ಕ್ ಇರುವ ತುದಿಯಲ್ಲಿ ತೆಳು ರಬ್ಬರಿನ ವಾಲ್ವ್ ಇರುತ್ತದೆ. ಮಾಸ್ಕ್ ಸರಿಯಾಗಿ ಕೂತಿದ್ದರೆ ಪ್ರತಿ ಉಸಿರಿಗೂ ಅದು ತೆರೆದು ಮುಚ್ಚುತ್ತದೆ. ಕೆಲವು ಸ್ಪೇಸರ್‌ಗಳಲ್ಲಿ ಟಿಕ್ ಟಿಕ್ ಶಬ್ದವೂ ಕೇಳುತ್ತದೆ. ವಾಲ್ವ್ ಅಲುಗಾಡುತ್ತಿಲ್ಲವೇ? ಹಾಗಾದರೆ ಮಗು ಉಸಿರಾಡುತ್ತಿರುವುದು ಕೋಣೆಯ ಗಾಳಿಯನ್ನು. ಆಗ ಹತ್ತಲ್ಲ, ನೂರು ಎಣಿಸಿದರೂ ಪ್ರಯೋಜನ ಇಲ್ಲ. ಹುಡುಗಿಯ ವಿಡಿಯೋದಲ್ಲಿ ವಾಲ್ವ್ ಎರಡೇ ಸಲ ಆಡಿತ್ತು.

ಸಂದಿ ಹೆಚ್ಚಾಗಿ ಮೂಗಿನ ಎರಡೂ ಪಕ್ಕದಲ್ಲಿ ಇರುತ್ತದೆ. ಮಾಸ್ಕಿನ ಅಳತೆ ಮೂಗಿನ ಮೇಲ್ಭಾಗದಿಂದ ಕೆಳತುಟಿಯ ಕೆಳಗಿನ ಗುಳಿಯವರೆಗೆ ಇರಬೇಕು. ಕಣ್ಣಿಗೆ ತಾಗಿದರೆ ದೊಡ್ಡದಾಯಿತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ, ಬೆನ್ನು ನಿಮ್ಮ ಎದೆಗೆ ಒರಗಿರಲಿ. ಒಂದು ಕೈ ಮಗುವಿನ ಕೆನ್ನೆಯನ್ನು ಹಿಡಿದಿರಲಿ, ಇನ್ನೊಂದು ಕೈಯಲ್ಲಿ ಮಾಸ್ಕನ್ನು ಗದ್ದದ ಕಡೆಯಿಂದ ಮೇಲಕ್ಕೆ ಇಟ್ಟು ಮೆಲ್ಲಗೆ ಒತ್ತಿ. ಬಲವಾಗಿ ಒತ್ತಿದರೆ ಮಗು ಕೊಸರಾಡುತ್ತದೆ, ಸಂದಿ ಇನ್ನೂ ದೊಡ್ಡದಾಗುತ್ತದೆ.

ಅಳುವಾಗ ಬಾಯಿ ತೆರೆದಿರುತ್ತದೆ, ಔಷಧಿ ಚೆನ್ನಾಗಿ ಒಳಗೆ ಹೋಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಇದು ತಪ್ಪು. ಅಳುವಾಗ ಮಗು ಉದ್ದಕ್ಕೆ ಉಸಿರು ಬಿಡುತ್ತದೆ, ನಡುವೆ ಗಬಕ್ಕನೆ ಒಮ್ಮೆ ಎಳೆಯುತ್ತದೆ. ಜೋರಾಗಿ ಎಳೆದ ಔಷಧಿ ಗಂಟಲಿಗೆ ಬಡಿದು ಅಲ್ಲೇ ಅಂಟಿ ಹೊಟ್ಟೆಗೆ ಹೋಗುತ್ತದೆ. ಎದೆಗೆ ಸೇರುವುದು ಬಹಳ ಕಡಿಮೆ. ನಿದ್ದೆಯಲ್ಲಿ ಕೊಟ್ಟುಬಿಡೋಣ ಎಂದರೆ ಎಷ್ಟೋ ಮಕ್ಕಳು ಮಾಸ್ಕ್ ತಾಗಿದ ಕೂಡಲೇ ಎದ್ದು ಗಲಾಟೆ ಮಾಡುತ್ತಾರೆ. ಔಷಧಿ ಇಲ್ಲದೆ ಖಾಲಿ ಸ್ಪೇಸರ್ ಕೊಟ್ಟು ಹಗಲಲ್ಲಿ ಆಡಲು ಬಿಡುವುದು ನನಗೆ ಕಂಡ ಮಟ್ಟಿಗೆ ಹೆಚ್ಚು ಕೆಲಸ ಮಾಡುತ್ತದೆ. ಗೊಂಬೆಗೆ ಮಾಸ್ಕ್ ಹಾಕಲಿ, ಅಪ್ಪನಿಗೆ ಹಾಕಲಿ, ಆಮೇಲೆ ತನಗೆ ಹಾಕಿಕೊಳ್ಳಲಿ. ತೀರಾ ಹಟ ಮಾಡಿದ ದಿನ, ಅತ್ತರೂ ಬಿಡದೆ ಕೊಡಬೇಕಾಗಿ ಬರುತ್ತದೆ ನಿಜ. ಆದರೆ ಆ ಡೋಸ್ ಪೂರ್ತಿ ಒಳಗೆ ಹೋಗಿಲ್ಲ ಎಂಬುದು ನೆನಪಿರಲಿ.

ಎರಡನೆಯದು, ಒಟ್ಟಿಗೆ ಎರಡು ಪಫ್. ಸ್ಪ್ರೇಯ ಕಣಗಳು ತೀರಾ ಸಣ್ಣವಿದ್ದರೆ ಮಾತ್ರ ಶ್ವಾಸಕೋಶದ ಒಳಗೆ ಹೋಗುತ್ತವೆ, ಸುಮಾರು 1ರಿಂದ 5 ಮೈಕ್ರಾನ್. ಎರಡು ಪಫ್ ಒಟ್ಟಿಗೆ ಹಾಕಿದರೆ ಕಣಗಳು ಒಂದಕ್ಕೊಂದು ತಾಗಿ ದಪ್ಪ ಆಗುತ್ತವೆ, ಸ್ಪೇಸರ್ ಗೋಡೆಗೆ ಅಂಟುತ್ತವೆ. ಎರಡು ಪಫ್ ಒತ್ತಿದರೂ ಎರಡು ಪಫ್‌ನಷ್ಟು ಔಷಧಿ ಸಿಗುವುದಿಲ್ಲ. ಒಂದು ಪಫ್, ಅದಕ್ಕೆ ಬೇಕಾದಷ್ಟು ಉಸಿರು, ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಇನ್ನೊಂದು ಪಫ್. ಮತ್ತೆ ಕುಲುಕುವುದು ಯಾಕೆ ಅಂದರೆ, ಹಲವು ಇನ್ಹೇಲರ್‌ಗಳಲ್ಲಿ ಔಷಧಿ ಸಣ್ಣ ಪುಡಿಯಾಗಿ ದ್ರವದಲ್ಲಿ ತೇಲುತ್ತಿರುತ್ತದೆ. ಸುಮ್ನೆ ಇಟ್ಟರೆ ಬೇರೆಯಾಗುತ್ತದೆ, ಆಗ ಒಂದು ಪಫ್‌ನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಬರುತ್ತದೆ.

ಮೂರನೆಯದು, ಒತ್ತಿ ಆಮೇಲೆ ಮಗುವನ್ನು ಕರೆಯುವುದು. ಸ್ಪೇಸರ್ ಒಳಗೆ ಔಷಧಿ ಗಾಳಿಯಲ್ಲಿ ತೇಲುವುದು ಕೆಲವೇ ಸೆಕೆಂಡ್, ಆಮೇಲೆ ಕೆಳಗೆ ಇಳಿದು ಗೋಡೆಗೆ ಅಂಟುತ್ತದೆ. ಮೊದಲು ಮಾಸ್ಕ್ ಇಡಿ. ಒಂದೆರಡು ಉಸಿರಾಡಲಿ, ವಾಲ್ವ್ ಆಡುವುದು ಕಾಣಲಿ. ಆಮೇಲೆ ಒತ್ತಿ.

ನಾಲ್ಕನೆಯದು ಎಣಿಕೆ. ಸೆಕೆಂಡ್ ಎಣಿಸಬೇಡಿ, ಉಸಿರು ಎಣಿಸಿ. ಈ ವಯಸ್ಸಿಗೆ ಸಾಮಾನ್ಯ ಉಸಿರಾಟದ 5ರಿಂದ 6 ಉಸಿರು ಸಾಕು. ಕೂಸುಗಳಿಗೆ ಹತ್ತರವರೆಗೆ ಬೇಕಾಗಬಹುದು, ಅವರ ಒಂದೊಂದು ಉಸಿರೂ ಚಿಕ್ಕದು. ದೊಡ್ಡ ಮಕ್ಕಳು ನಿಧಾನವಾಗಿ ಒಂದೇ ದೀರ್ಘ ಉಸಿರು ಎಳೆದು 5ರಿಂದ 10 ಸೆಕೆಂಡ್ ಹಿಡಿದಿಡಬಹುದು. ಎಳೆಯುವಾಗ ಸ್ಪೇಸರ್ ಸೀಟಿ ಹೊಡೆದರೆ ಹೆಚ್ಚಿನ ಸ್ಪೇಸರ್‌ಗಳಲ್ಲಿ ಅದರ ಅರ್ಥ: ಜೋರಾಯಿತು, ನಿಧಾನ ಮಾಡು.

ಮಾಸ್ಕ್ ಬಿಟ್ಟು ಬಾಯಿಗೆ

ಸುಮಾರು 4 ವರ್ಷದ ಹೊತ್ತಿಗೆ ಮಾಸ್ಕ್ ತೆಗೆದು ನೇರ ಬಾಯಲ್ಲಿ ಸ್ಪೇಸರ್ ಕಚ್ಚಿ ಉಸಿರಾಡಲು ಬಹಳ ಮಕ್ಕಳು ಕಲಿಯುತ್ತಾರೆ. ಕಲಿತರೆ ಮಾಸ್ಕಿಗಿಂತ ಇದು ಒಳ್ಳೆಯದು. ಮಾಸ್ಕ್ ಇದ್ದರೆ ಮಗು ಮೂಗಿನಲ್ಲೂ ಉಸಿರಾಡುತ್ತದೆ, ಮೂಗು ಒಂದಷ್ಟು ಔಷಧಿಯನ್ನು ಸೋಸಿ ಇಟ್ಟುಕೊಳ್ಳುತ್ತದೆ. ಮಗು ತಯಾರಾಗಿದೆಯಾ ಎಂದು ತಿಳಿಯಲು ಮತ್ತೆ ಅದೇ ವಾಲ್ವ್ ಪರೀಕ್ಷೆ. ತುಟಿ ಬಿಗಿಯಾಗಿ ಮುಚ್ಚಿ ಖಾಲಿ ಸ್ಪೇಸರ್‌ನಲ್ಲಿ ಐದು ಉಸಿರಾಡಲಿ. ಐದು ಸಲವೂ ವಾಲ್ವ್ ಆಡಿದರೆ ಸರಿ. ಆಡದಿದ್ದರೆ ಬಾಯಲ್ಲಿ ಸ್ಪೇಸರ್ ಇದ್ದರೂ ಮಗು ಮೂಗಿನಲ್ಲೇ ಉಸಿರಾಡುತ್ತಿದೆ. ಆಗ ಮಾಸ್ಕ್ ಇನ್ನೂ ಸ್ವಲ್ಪ ದಿನ ಇರಲಿ. ಈ ಹುಡುಗಿ ಎರಡನೇ ದಿನದ ಆಟದಲ್ಲೇ ಕಲಿತಳು, ಹಾಗಾಗಿ ಮಾಸ್ಕಿನ ರಗಳೆಯೇ ತಪ್ಪಿತು.

ಅತಿ ಸ್ವಚ್ಛ ಮಾಡಿದರೂ ತೊಂದರೆ

ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಹುಡುಗಿಯ ಮನೆಯಲ್ಲಿ ಸ್ಪೇಸರ್ ಥಳಥಳ ಹೊಳೆಯುತ್ತಿತ್ತು. ಅಜ್ಜಿ ಪ್ರತಿದಿನ ತೊಳೆದು, ಒಣ ಬಟ್ಟೆ ಒಳಗೆ ಹಾಕಿ ಒರೆಸಿ ಇಡುತ್ತಿದ್ದರು. ಪ್ಲಾಸ್ಟಿಕ್ ಅನ್ನು ಒಣ ಬಟ್ಟೆಯಿಂದ ಉಜ್ಜಿದರೆ ಅದಕ್ಕೆ ವಿದ್ಯುತ್ ಆವೇಶ ಬರುತ್ತದೆ. ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುವ ಹಾಗೆ ಸ್ಪೇಸರ್ ಗೋಡೆ ಔಷಧಿ ಕಣಗಳನ್ನು ಎಳೆದುಕೊಳ್ಳುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಮಗುವಿಗೆ ಸಿಗುವ ಔಷಧಿ ಮಾತ್ರ ಕಡಿಮೆ ಆಗುತ್ತದೆ. ಪ್ಯಾಕೆಟ್‌ನಿಂದ ಆಗ ತಾನೇ ತೆಗೆದ ಹೊಸ ಪ್ಲಾಸ್ಟಿಕ್ ಸ್ಪೇಸರ್‌ಗೂ ಇದೇ ತೊಂದರೆ ಇರುತ್ತದೆ. ಲೋಹದ ಸ್ಪೇಸರ್, ಮತ್ತು ಆವೇಶ ಹಿಡಿಯದ ಪ್ಲಾಸ್ಟಿಕ್‌ನಿಂದ ಮಾಡಿದ ಸ್ಪೇಸರ್ ಇದ್ದರೆ ಈ ಚಿಂತೆ ಇಲ್ಲ. ಯಾವುದು ಎಂದು ಡಬ್ಬದ ಮೇಲೆ ಬರೆದಿರುತ್ತದೆ.

ಪರಿಹಾರ ಸುಲಭ. ಬಿಡಿಭಾಗಗಳನ್ನು ಬಿಚ್ಚಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ ಹಾಕಿ ಕಾಲು ಗಂಟೆ ನೆನೆಸಿ. ಹೊರತೆಗೆದು ನೀರು ಕೊಡವಿ, ನೆಟ್ಟಗೆ ನಿಲ್ಲಿಸಿ ತಾನಾಗಿ ಆರಲು ಬಿಡಿ. ಸ್ಪೇಸರ್ ಒಳಭಾಗವನ್ನು ಮತ್ತೆ ನೀರಲ್ಲಿ ಜಾಲಿಸಬೇಡಿ, ಒರೆಸಲೂ ಬೇಡಿ. ಉಳಿದ ತೆಳು ಸೋಪಿನ ಪದರವೇ ಆವೇಶ ಬರದಂತೆ ನೋಡಿಕೊಳ್ಳುತ್ತದೆ. ಮಾಸ್ಕನ್ನೂ ಬಾಯಿಗೆ ತಾಗುವ ಭಾಗವನ್ನೂ ಮಾತ್ರ ಜಾಲಿಸಿ, ಇಲ್ಲದಿದ್ದರೆ ಚರ್ಮ ಉರಿಯಬಹುದು. ತಿಂಗಳಿಗೊಮ್ಮೆ ಹೀಗೆ ತೊಳೆದರೆ ಸಾಕು, ಕಂಪನಿ ಬೇರೆ ಹೇಳಿದ್ದರೆ ಅದರಂತೆ ಮಾಡಿ.

ತೊಳೆಯುವಾಗಲೇ ವಾಲ್ವ್ ನೋಡಿಬಿಡಿ. ಅಂಚು ಸುರುಳಿಯಾಗಿದ್ದರೆ, ಹರಿದಿದ್ದರೆ, ಅಂಟಿಕೊಂಡು ತೆರೆಯದಿದ್ದರೆ ಸ್ಪೇಸರ್ ಬದಲಿಸುವ ಹೊತ್ತು ಬಂದಿದೆ. ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಮಗು ಬಿಟ್ಟ ಉಸಿರು ಸ್ಪೇಸರ್ ಒಳಗೆ ನುಗ್ಗಿ ಔಷಧಿಯನ್ನು ಹಿಂದಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ ವರ್ಷದೊಳಗೆ ಬದಲಿಸಲು ಹೇಳುತ್ತಾರೆ.

ಇನ್ಹೇಲರ್‌ನ ಪ್ಲಾಸ್ಟಿಕ್ ಕವಚಕ್ಕೆ ಬೇರೆ ಲೆಕ್ಕ. ಸ್ಪ್ರೇ ಬರುವ ಸಣ್ಣ ತೂತಿನ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಸಾಲ್ಬ್ಯುಟಮಾಲ್‌ನಲ್ಲಿ ಇದು ಜಾಸ್ತಿ. ಸ್ಪ್ರೇ ಸೊಟ್ಟಗೆ ಬಂದರೆ, ಅಥವಾ ಒತ್ತಿದರೂ ತೀರಾ ಸಣ್ಣಗೆ ಬಂದರೆ ಇದೇ ಕಾರಣ. ಲೋಹದ ಡಬ್ಬಿಯನ್ನು ಹೊರತೆಗೆದು ಕವಚವನ್ನು ಮಾತ್ರ ವಾರಕ್ಕೊಮ್ಮೆ ಬೆಚ್ಚಗಿನ ನಲ್ಲಿ ನೀರಿಗೆ ಹಿಡಿದು ತೊಳೆಯಿರಿ, ರಾತ್ರಿಯೆಲ್ಲ ಆರಲು ಬಿಡಿ. ಡಬ್ಬಿ ನೀರಿಗೆ ಬೇಡ. ತೂತಿಗೆ ಪಿನ್ ಚುಚ್ಚಬೇಡಿ. ಡಬ್ಬಿಯನ್ನು ಕವಚದಿಂದ ಬಿಚ್ಚಬಾರದು ಎಂದು ಚೀಟಿಯಲ್ಲಿ ಬರೆದಿದ್ದರೆ ಬಿಚ್ಚದೆ ಒಣ ಬಟ್ಟೆಯಲ್ಲಿ ಬಾಯಿಯನ್ನು ಒರೆಸಿ. ಹೊಸ ಇನ್ಹೇಲರ್, ಅಥವಾ ಬಹಳ ದಿನ ಬಳಸದೆ ಇಟ್ಟದ್ದು ಇದ್ದರೆ ಮೊದಲು ಗಾಳಿಗೆ ಕೆಲವು ಪಫ್ ಹೊಡೆಯಬೇಕು. ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಚೀಟಿಯಲ್ಲಿ ಇರುತ್ತದೆ. ಅಪರೂಪಕ್ಕೆ ತೆಗೆಯುವ ರಿಲೀವರ್‌ಗೆ ಇದು ಮುಖ್ಯ. ಸ್ಕೂಲ್ ಬ್ಯಾಗಿನಲ್ಲಿ ತಿಂಗಳಿಂದ ಬಿದ್ದಿರುವ ಡಬ್ಬಿಯ ಮೊದಲ ಪಫ್‌ನಲ್ಲಿ ಸರಿಯಾದ ಡೋಸ್ ಇರುತ್ತದೆ ಎಂಬ ಭರವಸೆ ಇಲ್ಲ.

ಸ್ಟೀರಾಯ್ಡ್ ಭಯ

ಹುಡುಗಿಯ ಬೆಳಗಿನ ಡೋಸ್ ತಪ್ಪಲು ಗಡಿಬಿಡಿ ಒಂದೇ ಕಾರಣ ಆಗಿರಲಿಲ್ಲ. ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಅಜ್ಜಿಗೆ ಹೆದರಿಕೆ ಇತ್ತು, ಒಂದು ಹೊತ್ತು ತಪ್ಪಿದರೆ ಒಳ್ಳೆಯದೇ ಎಂದು ಸುಮ್ಮನಿದ್ದರು. ಈ ಭಯವನ್ನು ನಕ್ಕು ತಳ್ಳಿಹಾಕಬಾರದು. ಇನ್ಹೇಲರ್ ಸ್ಟೀರಾಯ್ಡ್ ದಿನಾ ತೆಗೆದುಕೊಳ್ಳುವ ಮಕ್ಕಳ ಎತ್ತರ ಸ್ವಲ್ಪ ಕಡಿಮೆ ಆಗಬಹುದು, ಸಾಮಾನ್ಯ ಡೋಸ್‌ನಲ್ಲಿ ಸುಮಾರು 1 ಸೆಂ.ಮೀ. ಆಸುಪಾಸು. ಇದು ನಿಜ. ಆದರೆ ಈ ಹುಡುಗಿಯ ದಿನದ ಡೋಸ್ 100 ಮೈಕ್ರೋಗ್ರಾಂ. ಆಸ್ತಮಾ ಜೋರಾದಾಗ ಬಾಯಲ್ಲಿ ಕೊಡುವ ಸ್ಟೀರಾಯ್ಡ್ ಮಿಲಿಗ್ರಾಂ ಲೆಕ್ಕದ್ದು. ಬೇರೆ ಬೇರೆ ಔಷಧಿಗಳಾದ್ದರಿಂದ ಅಂಕಿಯನ್ನು ನೇರ ಹೋಲಿಸಲು ಆಗದು, ಆದರೆ ಬಾಯಿಯ ಔಷಧಿ ಇಡೀ ಮೈಗೆ ಹೋಗುತ್ತದೆ. ದಿನದ ಪಫ್ ತಪ್ಪಿಸಿದ ಮಗುವಿಗೆ ಆ ಔಷಧಿ ಪದೇ ಪದೇ ಬೇಕಾಗುತ್ತದೆ. ಇಷ್ಟು ಬಿಡಿಸಿ ಹೇಳಿದ ಮೇಲೆ ಬೆಳಗಿನ ಪಫ್ ಅಜ್ಜಿಯ ಜವಾಬ್ದಾರಿ ಆಯಿತು. ಹಲ್ಲುಜ್ಜುವ ಮೊದಲು ಕೊಡುವುದು ಎಂದು ಗೊತ್ತು ಮಾಡಿಕೊಂಡರು.

ಹಲ್ಲುಜ್ಜುವ ಮೊದಲು ಎಂಬುದಕ್ಕೂ ಕಾರಣ ಇದೆ. ಪ್ರಿವೆಂಟರ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಮಚ್ಚೆಯಂತೆ ಶಿಲೀಂಧ್ರ ಬೆಳೆಯಬಹುದು, ದನಿ ಒಡೆಯಬಹುದು. ಮಾಸ್ಕ್ ಬಳಸುವ ಮಕ್ಕಳಿಗೆ ಮುಖವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ.

ಸರಿ ಮಾಡಿದ ಮೇಲೆ

ಎಲ್ಲ ಸರಿ ಮಾಡಿ ಎರಡೇ ದಿನಕ್ಕೆ ಫಲ ಹುಡುಕಬೇಡಿ. ಊತ ಇಳಿಯಲು ಹೊತ್ತು ಬೇಕು. ನಾಲ್ಕು ವಾರ ಬಿಟ್ಟು ಮತ್ತೆ ಕೌಂಟರ್ ನೋಡಿ. ಹುಡುಗಿಯ ಪ್ರಿವೆಂಟರ್ 28 ದಿನದಲ್ಲಿ 86ರಿಂದ 30ಕ್ಕೆ ಬರಬೇಕಿತ್ತು, 33 ತೋರಿಸಿತು. ಮೂರು ಪಫ್ ಮಾತ್ರ ತಪ್ಪಿದೆ, ಅಷ್ಟು ಪರವಾಗಿಲ್ಲ. ರಿಲೀವರ್ 96ರಿಂದ 84ಕ್ಕೆ ಬಂದಿತ್ತು. 12 ಪಫ್, ಆರು ಸಲ. ಅದರಲ್ಲಿ ಐದು ಸಲ ಮೊದಲ ಎರಡು ವಾರದಲ್ಲೇ. ಕೊನೆಯ ಎರಡು ವಾರದಲ್ಲಿ ಒಂದೇ ಸಲ, ಅದೂ ನೆಗಡಿ ಆದಾಗ. ಡೋಸ್ ಏರಿಸುವ ಮಾತು ಅಲ್ಲಿಗೆ ನಿಂತಿತು. ಅದೇ ಡೋಸ್ ಮುಂದುವರಿಸಿ ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದು ಡಾಕ್ಟರ್ ಹೇಳಿದರು. ಕೆಮ್ಮು ನಿಂತಿತು ಎಂದು ಮನೆಯವರೇ ಪ್ರಿವೆಂಟರ್ ನಿಲ್ಲಿಸುವ ಹಾಗಿಲ್ಲ. ಇಳಿಸುವುದೂ ಹಂತ ಹಂತವಾಗಿ, ಡಾಕ್ಟರ್ ಹೇಳಿದ ಮೇಲೆ.

ಎರಡೂ ಕೌಂಟರ್ ಲೆಕ್ಕ ಸರಿ ಇದೆ, ವಾಲ್ವ್ ಪ್ರತಿ ಉಸಿರಿಗೂ ಆಡುತ್ತಿದೆ, ನಾಲ್ಕು ವಾರ ಕಳೆದಿದೆ, ಆದರೂ ಕೆಮ್ಮು ಹಾಗೇ ಇದೆ. ಆಗ ದೋಷ ಸ್ಪೇಸರ್‌ನಲ್ಲಿ ಇಲ್ಲ. ಮನೆಯಲ್ಲಿ ಸಿಗರೇಟು ಅಥವಾ ಒಲೆಯ ಹೊಗೆ, ಸದಾ ಕಟ್ಟಿದ ಮೂಗು, ಅಲರ್ಜಿ ಇವನ್ನು ನೋಡಬೇಕು. ಕೆಮ್ಮು ಯಾವಾಗಲೂ ಕಫದಿಂದ ಕೂಡಿದ್ದರೆ, ಮಗುವಿನ ತೂಕ ಏರದಿದ್ದರೆ, ಆಟ ಆಡುವಾಗ ಏನೋ ನುಂಗಿ ಉಸಿರು ಕಟ್ಟಿದ ಮೇಲೆ ಕೆಮ್ಮು ಶುರುವಾಗಿದ್ದರೆ, ಅದು ಆಸ್ತಮಾವೇ ಅಲ್ಲದಿರಬಹುದು. ಡಾಕ್ಟರ್ ಹತ್ತಿರ ಹೋಗುವಾಗ ಎರಡೂ ಇನ್ಹೇಲರ್, ಸ್ಪೇಸರ್, ಡಬ್ಬಿ ತೆರೆದ ದಿನಾಂಕ ಮತ್ತು ಮೊಬೈಲಿನ ಆ ವಿಡಿಯೋ ಜೊತೆಗಿರಲಿ.